ಹೆಸರಿಗೆ ಬಂದ ರೋಗವೋ, ವಹಿವಾಟಿಗೆ ಬಂದ ರೋಗವೋ?

ವ್ಯಾಪಾರ ಚಿಹ್ನೆಯ ನೋಂದಣಿಗಾಗಿ ವಕೀಲರ ಬಳಿಗೆ ಬರುವವರಲ್ಲಿ ಎರಡು ಬಗೆ. ಹೊಸದಾಗಿ ಅಂಗಡಿ ಅಥವಾ ಕಾರ್ಖಾನೆ ತೆರೆಯುವವರು ಒಂದು ಬಗೆ. ತಂದೆಯ ಕಾಲದಿಂದ ನಡೆದುಬಂದ ಹೆಸರನ್ನು ಕೈಬಿಟ್ಟು ಬೇರೊಂದನ್ನು ಇಡಲು ಹೊರಟವರು ಇನ್ನೊಂದು ಬಗೆ. ಎರಡನೆಯವರ ಮಾತು ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿರುತ್ತದೆ: “ಹೆಸರು ಹಳೇದಾತ್ರಿ ವಕೀಲ್ ಸಾಹೇಬ್ರ, ಮಾಲು ಓಡವಲ್ದು.” ಈ ಮಾತಿನಲ್ಲಿ ಎರಡು ಸಂಗತಿಗಳಿವೆ. ಮಾಲು ಓಡುತ್ತಿಲ್ಲವೆಂಬುದು ಲೆಕ್ಕಕ್ಕೆ ಸಿಗುವ ಸಂಗತಿ. ಅದಕ್ಕೆ ಹೆಸರೇ ಕಾರಣವೆಂಬುದು ಊಹೆ. ಅರ್ಜಿ ಬರೆಯುವ ಮುನ್ನ ಈ ಊಹೆಯನ್ನು ಪರೀಕ್ಷಿಸುವುದು ಹೇಗೆಂಬುದೇ ಇಂದಿನ ವಿಷಯ.

ಮೊದಲು ಎರಡು ಮಾರ್ಗಗಳ ಭೇದವನ್ನು ತಿಳಿದುಕೊಳ್ಳಬೇಕು. ಹೆಸರು ಮತ್ತು ಮುಖ್ಯ ಚಿತ್ರವನ್ನು ಉಳಿಸಿಕೊಂಡು ಅಕ್ಷರದ ಮಾಟವನ್ನು ತಿದ್ದುವುದು, ಪೊಟ್ಟಣದ ಗದ್ದಲವನ್ನು ಕಡಿಮೆ ಮಾಡುವುದು, ಇವು ಹಳೆಯ ಮನೆಗೆ ಸುಣ್ಣ ಬಳಿದಂತೆ. ಹೆಸರನ್ನೇ ತೊರೆದು ಹೊಸತನ್ನು ಇಡುವುದು ಮನೆಯನ್ನೇ ಬದಲಿಸಿದಂತೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವೂ ಇದೇ ಗೆರೆಯನ್ನು ಎಳೆಯುತ್ತದೆ. ಚಿಹ್ನೆಯ ಗುರುತಿಗೆ ಗಣನೀಯ ಧಕ್ಕೆಯಾಗದಂತಹ ಮಾರ್ಪಾಟನ್ನು ಹಳೆಯ ನೋಂದಣಿಯಲ್ಲಿಯೇ ಸೇರಿಸಿಕೊಳ್ಳಲು 59ನೆಯ ಕಲಮು ಅವಕಾಶ ಕೊಡುತ್ತದೆ. ಅದನ್ನು ಮೀರಿದ ಬದಲಾವಣೆಗೆ ಹೊಸ ಅರ್ಜಿಯೇ ಬೇಕು.

ಇನ್ನು ಲೆಕ್ಕ. ನಮ್ಮ ಸೊಲ್ಲಾಪುರದ ಕಡೆ ಮನೆಮಾತಾದ ಶೇಂಗಾ ಚಟ್ನಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಕುಟುಂಬವು 200 ಗ್ರಾಮಿನ ಪೊಟ್ಟಣವನ್ನು ನಾಲ್ಕು ವರ್ಷಗಳ ಹಿಂದೆ 50 ರೂಪಾಯಿಗೆ, ತಿಂಗಳಿಗೆ 6,000ದಂತೆ ಮಾರುತ್ತಿತ್ತೆಂದು ಭಾವಿಸಿರಿ. ಈಗ ಬೆಲೆ 70 ರೂಪಾಯಿ, ಮಾರಾಟ 4,200 ಪೊಟ್ಟಣ. ರೂಪಾಯಿಯ ಲೆಕ್ಕದಲ್ಲಿ ಅಂದಿನ ವಹಿವಾಟು 3,00,000, ಇಂದಿನದು 2,94,000. ಖಾತೆಯ ಪುಸ್ತಕ ನೋಡಿದವನಿಗೆ ಅಂತಹ ವ್ಯತ್ಯಾಸವೇನೂ ಕಾಣದು. ಪೊಟ್ಟಣಗಳನ್ನು ಎಣಿಸಿದವನಿಗೆ ಮಾತ್ರ ನೂರರಲ್ಲಿ ಮೂವತ್ತು ಪಾಲು ಹೋಗಿರುವುದು ತಿಳಿಯುತ್ತದೆ. ಬೆಲೆ ಏರಿಕೆ ಇಳಿತವನ್ನು ಮುಚ್ಚಿಹಾಕುವುದರಿಂದ ಅವನತಿಯನ್ನು ಅಳೆಯುವವರು ಹಣವನ್ನು ಬದಿಗಿಟ್ಟು ಮಾಲನ್ನು ಎಣಿಸಬೇಕು.

ಹೋದ 1,800 ಪೊಟ್ಟಣಗಳು ಎಲ್ಲಿ ಹೋದವು? ಇದೇ ಮುಖ್ಯ ಪ್ರಶ್ನೆ. ಅಂದು 300 ಅಂಗಡಿಗಳಲ್ಲಿ ಮಾಲು ಸಿಗುತ್ತಿತ್ತು, ಅಂಗಡಿಗೆ ಸರಾಸರಿ 20 ಪೊಟ್ಟಣ. ಇಂದು 220 ಅಂಗಡಿಗಳು, ಪ್ರತಿಯೊಂದರಲ್ಲಿ 19ರ ಆಸುಪಾಸು. ಅಂದರೆ ಮಾಲು ಇರುವ ಅಂಗಡಿಯಲ್ಲಿ ಜನ ಹಿಂದಿನಷ್ಟೇ ಕೊಳ್ಳುತ್ತಿದ್ದಾರೆ. ಎಂಬತ್ತು ಅಂಗಡಿಗಳಿಗೆ ಮಾಲು ಮುಟ್ಟುತ್ತಿಲ್ಲ, ಅಷ್ಟೆ. ಗಾಡಿ ಹೊಡೆಯುವವನು ಕೆಲಸ ಬಿಟ್ಟಿರಬಹುದು, ಉದ್ದರಿಯ ತಕರಾರು ಬಂದಿರಬಹುದು, ಹಳಸಿದ ಪೊಟ್ಟಣಗಳನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅಂಗಡಿಕಾರ ಮುನಿದಿರಬಹುದು. ಇಂತಹ ಕುಟುಂಬ ಹೆಸರು ಬದಲಿಸಿದರೆ ಆ ಎಂಬತ್ತು ಅಂಗಡಿಗಳು ಮರಳಿ ಬರುವುದಿಲ್ಲ. ಉಳಿದ 220 ಅಂಗಡಿಗಳಲ್ಲಿ ಗುರುತು ಹಿಡಿದು ಕೇಳುವವರನ್ನೂ ಅದು ಕಳೆದುಕೊಳ್ಳುತ್ತದೆ.

ಅದೇ 4,200 ಪೊಟ್ಟಣಗಳು ಇನ್ನೊಂದು ರೀತಿಯಲ್ಲಿ ಬಂದಿವೆಯೆಂದು ತಿಳಿಯೋಣ: ಅಂಗಡಿಗಳು ಮೊದಲಿನಂತೆ 300, ಪ್ರತಿಯೊಂದರಲ್ಲಿ ಮಾರಾಟ 14. ಇದು ಬೇರೆ ರೋಗ. ಮಾಲು ಕಣ್ಣೆದುರಿಗೇ ಇದೆ, ಜನ ಅದನ್ನು ದಾಟಿ ಪಕ್ಕದ ಪೊಟ್ಟಣಕ್ಕೆ ಕೈಹಾಕುತ್ತಿದ್ದಾರೆ. ಕಾರಣ ರುಚಿಯಲ್ಲಿರಬಹುದು, ಬೆಲೆಯಲ್ಲಿರಬಹುದು, ಹೆಸರಿನಲ್ಲಿಯೂ ಇರಬಹುದು.

ರುಚಿಯನ್ನೂ ಹೆಸರನ್ನೂ ಬೇರ್ಪಡಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ನಿಮ್ಮ ಚಟ್ನಿ ಮತ್ತು ಎದುರಾಳಿಯ ಚಟ್ನಿಯನ್ನು ಹೆಸರಿಲ್ಲದ ಎರಡು ಬಟ್ಟಲುಗಳಲ್ಲಿಟ್ಟು, ನಿಮ್ಮ ಬಂಧುಗಳಲ್ಲದ ಮೂವತ್ತು ನಾಲ್ವತ್ತು ಜನರಿಗೆ ಭಕ್ಕರಿಯ ಜೊತೆ ಬಡಿಸಿರಿ. ಬೇರೊಂದು ದಿನ ಅಷ್ಟೇ ಸಂಖ್ಯೆಯ ಬೇರೆ ಜನರಿಗೆ ಅದನ್ನೇ ಪೊಟ್ಟಣ ತೋರಿಸಿ ಬಡಿಸಿರಿ. ಹೆಸರಿಲ್ಲದಾಗಲೂ ಸೋತರೆ ದೋಷ ಚಟ್ನಿಯಲ್ಲಿದೆ, ಶೇಂಗಾ ಹುರಿಯುವ ಒಲೆಯ ಕಡೆ ನೋಡಬೇಕು. ಹೆಸರಿಲ್ಲದಾಗ ಗೆದ್ದು ಪೊಟ್ಟಣ ಕಂಡೊಡನೆ ಸೋತರೆ ಮಾತ್ರ ಹೊರಮೈಗೆ ರೋಗ ಬಂದಿದೆ ಎನ್ನಬಹುದು. ಆಗಲೂ ಏಕೆಂದು ಕೇಳಬೇಕು. “ಹಳೆ ಕಾಲದ್ದು ಅನಸ್ತದ” ಎಂಬ ಉತ್ತರ ಬಂದರೆ ಸುಣ್ಣ ಬಳಿದರೆ ಸಾಕು. “ಹಿಂದೊಮ್ಮೆ ತಂದಾಗ ಹುಳ ಇತ್ತು” ಎಂಬ ಉತ್ತರ ಹಲವರಿಂದ ಬಂದರೆ ಹೆಸರೇ ಭಾರವಾಗಿದೆ. ಇಷ್ಟು ಜನರ ಪರೀಕ್ಷೆಯಲ್ಲಿ ಎರಡು ಮೂರು ಮತಗಳ ಅಂತರಕ್ಕೆ ಅರ್ಥವಿಲ್ಲ. ಎದ್ದು ಕಾಣುವ ಅಂತರವನ್ನಷ್ಟೇ ನಂಬಬೇಕು.

ವಕೀಲನಾದವನ ಕಣ್ಣಿಗೆ ಬೀಳುವ ಮತ್ತೊಂದು ಲಕ್ಷಣವಿದೆ, ಅದೆಂದರೆ ನಕಲು. ನಿಮ್ಮ ಹೆಸರಿನ ಒಂದಕ್ಷರ ತಿರುಚಿ, ಅದೇ ಬಣ್ಣದ ಪೊಟ್ಟಣದಲ್ಲಿ ಯಾರೋ ಮಾರುತ್ತಿದ್ದರೆ ಕೋಪ ಬರುವುದು ಸಹಜ. ಆದರೆ ಸತ್ತ ಹೆಸರನ್ನು ಯಾರೂ ಕದಿಯುವುದಿಲ್ಲ. ಮಾರಾಟ ಇಳಿದು ನಕಲು ಹೆಚ್ಚಿದ್ದರೆ ಬೇಡಿಕೆ ಇನ್ನೂ ಇದೆ, ಅದು ಬೇರೆಯವರ ಗಲ್ಲಾಪೆಟ್ಟಿಗೆಗೆ ಹೋಗುತ್ತಿದೆ ಎಂದು ಶಂಕಿಸಬೇಕು. ಅಲ್ಲಿ ಬೇಕಾದದ್ದು ನ್ಯಾಯಾಲಯದ ತಡೆಯಾಜ್ಞೆ. ಆ ಸಮಯದಲ್ಲಿ ಹೆಸರು ತೊರೆಯುವುದು ಕಳ್ಳನಿಗೆ ಮನೆಯ ಕೀಲಿಯನ್ನೂ ಒಪ್ಪಿಸಿದಂತೆ.

ಸುಣ್ಣ ಬಳಿಯುವ ಕೆಲಸವೂ ನಿರಪಾಯವಲ್ಲ. ಅಮೆರಿಕದಲ್ಲಿ ಪೆಪ್ಸಿಕೋ ಸಂಸ್ಥೆ 2009ರ ಜನವರಿಯಲ್ಲಿ ತನ್ನ ಟ್ರೋಪಿಕಾನಾ ಕಿತ್ತಳೆ ರಸದ ಪೆಟ್ಟಿಗೆಯನ್ನು ಬದಲಿಸಿತು. ಹೆಸರು ಅದೇ, ರಸವೂ ಅದೇ. ಆದರೆ ಕೊಳವೆ ಚುಚ್ಚಿದ ಕಿತ್ತಳೆಯ ಚಿತ್ರ ಹೋಗಿ ಗಾಜಿನ ಲೋಟದ ಚಿತ್ರ ಬಂತು, ಅಡ್ಡಲಾಗಿದ್ದ ಹೆಸರು ಹೊಸ ಅಕ್ಷರದಲ್ಲಿ ನೆಟ್ಟಗೆ ನಿಂತಿತು. ಎರಡು ತಿಂಗಳು ತುಂಬುವ ಮೊದಲೇ ಮಾರಾಟ ನೂರಕ್ಕೆ 20ರಷ್ಟು ಕುಸಿಯಿತು, ಫೆಬ್ರುವರಿಯ ಕೊನೆಯ ವಾರದಲ್ಲಿ ಹಳೆಯ ಪೆಟ್ಟಿಗೆಯನ್ನೇ ಮರಳಿ ತರುವುದಾಗಿ ಸಂಸ್ಥೆ ಘೋಷಿಸಿತು. ಅಂಗಡಿಯಲ್ಲಿ ಜನ ಹೆಸರು ಓದಿ ಕೊಳ್ಳುವುದಕ್ಕಿಂತ ಬಣ್ಣ, ಚಿತ್ರ, ಆಕಾರಗಳ ಗುರುತಿನಿಂದ ಕೈ ಚಾಚುವುದೇ ಹೆಚ್ಚು. ಆ ಗುರುತುಗಳನ್ನು ಒಮ್ಮೆಗೇ ಕಿತ್ತುಹಾಕಿದರೆ ಹೆಸರು ಉಳಿದಿದ್ದೂ ಹೆಸರು ಬದಲಿಸಿದ ನಷ್ಟವೇ ಆಗುತ್ತದೆ.

ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ತಿದ್ದಬೇಕು, ಉಳಿದವನ್ನು ಹಾಗೆಯೇ ಬಿಡಬೇಕು. ಸಿಲಿಂಡರ್ ಮಾಡಿಸುವ ಮುನ್ನ ಮಾದರಿ ಪೊಟ್ಟಣವನ್ನು ಅಂಗಡಿಯ ಹಲಗೆಯ ಮೇಲೆ ಬೇರೆಯವರ ಮಾಲಿನ ನಡುವೆ ಇಟ್ಟು, ಹತ್ತಡಿ ದೂರದಿಂದ ಹಳೆಯ ಗಿರಾಕಿಗೆ ಕಾಣುತ್ತದೆಯೇ ನೋಡಬೇಕು. ಗಡಿಯ ಈಚೆಗಿರುವ ನಮಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಪೊಟ್ಟಣವನ್ನು ಆಧುನಿಕಗೊಳಿಸಹೊರಟವರು ಮೊದಲು ಅಳಿಸುವುದು ಕನ್ನಡ ಅಕ್ಷರಗಳನ್ನು. ಅಕ್ಕಲಕೋಟೆ, ಇಂಡಿ, ಆಳಂದದ ಕಡೆಯ ಗಿರಾಕಿಗೆ ಆ ಅಕ್ಷರಗಳ ಸಾಲೇ ಗುರುತಾಗಿರಬಹುದು. ಕನ್ನಡ ಲಿಪಿಯ ಚಿಹ್ನೆಯನ್ನು ನೋಂದಾಯಿಸಲು ಯಾವ ಅಡ್ಡಿಯೂ ಇಲ್ಲ, ಅದರ ಲಿಪ್ಯಂತರ ಹಾಗೂ ಅರ್ಥವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೊಟ್ಟರೆ ಸಾಕು. ಆದರೆ ಕನ್ನಡದಲ್ಲಷ್ಟೇ ನೋಂದಾಯಿಸಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಷ್ಟೇ ಬರೆಯಲು ತೊಡಗಿದರೆ, ಇದು ಅದೇ ಚಿಹ್ನೆಯ ಬಳಕೆಯೇ ಎಂಬ ವಾದಕ್ಕೆ ಎಡೆಯಾಗುತ್ತದೆ. ಎರಡನ್ನೂ ನೋಂದಾಯಿಸುವುದು ಜಾಣತನ.

ಹಾಗಾದರೆ ಹೆಸರನ್ನೇ ತೊರೆಯಬೇಕಾದದ್ದು ಯಾವಾಗ? ಮೇಲಿನ ಪರೀಕ್ಷೆಯಲ್ಲಿ ಹೆಸರು ಕೇಳಿದರೇ ಜನ ಹಿಂದೆ ಸರಿಯುವ ಪ್ರಸಂಗ ಒಂದು. ಹೆಸರು ನಿಮ್ಮೊಬ್ಬರದೇ ಅಲ್ಲದಿರುವುದು ಇನ್ನೊಂದು. ಯೂಟಿಐ ಬ್ಯಾಂಕು 2007ರ ಜುಲೈ 30ರಂದು ಆಕ್ಸಿಸ್ ಬ್ಯಾಂಕ್ ಆದದ್ದು ವಹಿವಾಟು ಸೊರಗಿದ್ದರಿಂದ ಅಲ್ಲ. ತನಗೆ ಸಂಬಂಧವಿಲ್ಲದ ಬೇರೆ ಸಂಸ್ಥೆಗಳೂ ಅದೇ ಹೆಸರಿನಲ್ಲಿದ್ದವು, ಅದನ್ನು ಬಳಸುವ ಅನುಮತಿಗೂ ಅವಧಿಯ ಮಿತಿಯಿತ್ತು.

ನಮ್ಮ ಪೇಟೆಗಳಲ್ಲಿ ಇದರ ರೂಪ ಬೇರೆ: ಅಣ್ಣತಮ್ಮಂದಿರ ಹಿಸ್ಸೆ. ಮನೆ, ಹೊಲ, ಗಿರಣಿ ಎಲ್ಲವೂ ಪಾಲಾಗುತ್ತವೆ, ಹೆಸರನ್ನು ಇಬ್ಬರೂ ಬಳಸುತ್ತಾರೆ. “ಸೊಲ್ಲಾಪುರ ನಿನಗ, ಕಲಬುರಗಿ ನನಗ” ಎಂದು ಹಿರಿಯರ ಮುಂದೆ ಮಾತಾಗುತ್ತದೆ. ಒಂದೇ ಮಾಲಿಗೆ ಒಂದೇ ಚಿಹ್ನೆಯ ಪೂರ್ಣ ಹಕ್ಕನ್ನು ಭಾರತದೊಳಗೆ ಊರೂರಿಗೆ ಹಂಚಿ ವರ್ಗಾಯಿಸುವುದನ್ನು 41ನೆಯ ಕಲಮು ನಿರ್ಬಂಧಿಸುತ್ತದೆಂಬುದು ಆ ಹಿರಿಯರಿಗೆ ತಿಳಿದಿರುವುದಿಲ್ಲ. ಹತ್ತು ವರ್ಷಗಳಲ್ಲಿ ಒಬ್ಬನ ಕೆಟ್ಟ ಮಾಲಿಗೆ ಇನ್ನೊಬ್ಬನ ಗಿರಾಕಿ ಬಯ್ಯುತ್ತಾನೆ. ಇಲ್ಲಿ ಪೊಟ್ಟಣ ಎಷ್ಟು ಚೆಂದ ಮಾಡಿದರೂ ಫಲವಿಲ್ಲ. ಒಬ್ಬರು ಹೆಸರನ್ನು ಇಟ್ಟುಕೊಂಡು ಇನ್ನೊಬ್ಬರಿಗೆ ಬೆಲೆ ಕಟ್ಟಿಕೊಡಬೇಕು, ಹೆಸರು ಬಿಟ್ಟವರು ಹೊಸತನ್ನು ಕಟ್ಟಬೇಕು. ಅದು ಹಿಸ್ಸೆಪತ್ರದಲ್ಲಿಯೇ ಬರೆದಿರಬೇಕು.

ಹೊಸ ಹೆಸರಿನತ್ತ ಹೋಗುವವರು ಕ್ರಮವನ್ನು ತಪ್ಪಬಾರದು. ಮೊದಲು ನೋಂದಣಿ ಕಚೇರಿಯ ದಾಖಲೆಯಲ್ಲಿ ಹೋಲುವ ಹೆಸರುಗಳನ್ನು ಹುಡುಕಬೇಕು. ಚಟ್ನಿ, ಮಸಾಲೆಗಳು 30ನೆಯ ವರ್ಗಕ್ಕೆ ಸೇರುತ್ತವೆ. ಆನ್‌ಲೈನ್ ಅರ್ಜಿಯ ಶುಲ್ಕ ವರ್ಗವೊಂದಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂಪಾಯಿ, ಇತರರಿಗೆ 9,000. ಅರ್ಜಿ ಅಂಗೀಕಾರವಾಗಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳ ಕಾಲಾವಕಾಶವಿದೆ. ಯಾರದೂ ತಕರಾರಿಲ್ಲವೆಂದು ತಿಳಿಯುವ ಮೊದಲೇ ವರ್ಷಕ್ಕಾಗುವಷ್ಟು ಪೊಟ್ಟಣ ಮುದ್ರಿಸಿದವರು ಅವನ್ನು ರದ್ದಿಗೆ ಹಾಕಬೇಕಾದೀತು.

ಹಳೆಯ ಹೆಸರು ನಿಮ್ಮದೇ ಆಗಿದ್ದರೆ ಅದನ್ನು ಒಂದೇ ದಿನದಲ್ಲಿ ಹೂಳಬಾರದು. ಹೊಸ ಹೆಸರಿನ ಕೆಳಗೆ ಹಳೆಯದನ್ನು ಸಣ್ಣದಾಗಿ ಮುದ್ರಿಸುತ್ತ, ಪ್ರತಿ ಮುದ್ರಣಕ್ಕೂ ಅದನ್ನು ಕಿರಿದುಮಾಡುತ್ತ ಹೋಗುವುದು ರೂಢಿ. ಅದು ಪೂರ್ತಿ ಮಾಯವಾದ ಮೇಲೆಯೂ ಯಾವುದಾದರೊಂದು ಚಿಕ್ಕ ಮಾಲಿನ ಮೇಲೆ, ಐದು ರೂಪಾಯಿಯ ಪೊಟ್ಟಣವಾದರೂ ಸರಿ, ಅದನ್ನು ನಿಜವಾಗಿ ಮಾರುತ್ತಿರಬೇಕು, ಬಿಲ್ಲುಗಳನ್ನು ಇಟ್ಟುಕೊಂಡಿರಬೇಕು. ಐದು ವರ್ಷ ಮೂರು ತಿಂಗಳ ಕಾಲ ಬಳಸದೆ ಬಿಟ್ಟ ಚಿಹ್ನೆಯನ್ನು ದಾಖಲೆಯಿಂದ ತೆಗೆಸಲು 47ನೆಯ ಕಲಮಿನ ಅಡಿಯಲ್ಲಿ ಬೇರೊಬ್ಬರು ಅರ್ಜಿ ಹಾಕಬಹುದು. ಹಾಗೆ ಹಾಕುವವರು ಹಲವು ಸಲ ಆ ಹಳೆಯ ನಕಲಿನವರೇ ಆಗಿರುತ್ತಾರೆ.