ಸಂಘದ ಬಡ್ಡಿ ಪುಸ್ತಕದಲ್ಲಿ ಮಾತ್ರ ಬೆಳೆದ್ರೆ ಸಾಲದು

ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಜಾಸ್ತಿ, ಇಳಿಸಿ ಅನ್ನೋರು ನಮ್ಮಲ್ಲೂ ಇದಾರೆ. ನಾನಂತೂ ಬಡ್ಡಿಗಿಂತ ಮೊದಲು ದುಡ್ಡು ತಿರುಗ್ತಾ ಇದೆಯಾ ನೋಡಿ ಅಂತೀನಿ.

15 ಜನ ಹೆಣ್ಮಕ್ಕಳ ಸಂಘ, ತಿಂಗಳಿಗೆ ತಲಾ 200 ಅಂತಿಟ್ಕೊಳ್ಳಿ. ತಿಂಗಳಿಗೆ 3,000, ವರ್ಷಕ್ಕೆ 36,000 ಉಳಿತಾಯ. ಬಂದದ್ದೆಲ್ಲ ಬಡ್ಡಿ ಸಮೇತ ಅದೇ ಸಭೆಯಲ್ಲಿ ಸಾಲವಾಗಿ ಹೋದ್ರೆ, ಎರಡನೇ ಸಭೇಲಿ ಬರೋ ಬಡ್ಡಿ ಬರೀ 60 ರೂಪಾಯಿ. ಹನ್ನೆರಡನೇ ಸಭೇಲಿ 730! ಒಟ್ಟು ನಿಧಿ 40,200 ದಾಟುತ್ತೆ. ಯಾವಾಗಲೂ ಅರ್ಧ ದುಡ್ಡು ಪೆಟ್ಟಿಗೇಲೇ ಕೂತ್ರೆ 38,000ದ ಹತ್ರ ನಿಲ್ಲುತ್ತೆ.

ಆದ್ರೆ ಎಡವಟ್ಟು ಆಗೋದು ಬರವಣಿಗೇಲಿ. ಬಿತ್ತನೆ ಟೈಮಲ್ಲಿ ಕಂತು ನಿಲ್ಲುತ್ತೆ, ಬರಬೇಕಾದ ಬಡ್ಡಿನ ಬಂದೇಬಿಟ್ಟಿದೆ ಅಂತ ಬರೀತಾರೆ. ದುಡ್ಡಿಲ್ಲದೆ ಪುಸ್ತಕ ಬೆಳೆಯುತ್ತೆ.

ಪತ್ತೆ ಹಚ್ಚೋದು ಕಷ್ಟ ಏನಲ್ಲ. ಕೈಲಿರೋ ನಗದು, ಪಾಸ್‌ಬುಕ್ಕಲ್ಲಿರೋದು, ಹೊರಗಿರೋ ಸಾಲದ ಅಸಲು, ಈ ಮೂರನ್ನೂ ಕೂಡಿ. ಸದಸ್ಯರ ಉಳಿತಾಯಕ್ಕೆ ಬಡ್ಡಿ ಸೇರಿಸಿ, ಖರ್ಚು ಕಳೆದು ಪುಸ್ತಕ ತೋರಿಸೋ ಮೊತ್ತಕ್ಕೆ ಅದು ಸರಿಹೋಗಬೇಕು. ಕಡಿಮೆ ಬಂದ್ರೆ ಮೊದಲು ವಸೂಲಾಗದ ಬಡ್ಡಿನೇ ಹುಡುಕಿ. ಈ ಲೆಕ್ಕ ಕೂಡೋ ತನಕ ವರ್ಷದ ಲಾಭ ಹಂಚೋ ಮಾತು ಸಭೇಲಿ ಎತ್ತೋದೇ ಬೇಡ.