ಹಾಡು ಮರೆತರೂ ಚಪ್ಪಾಳೆ ಉಳಿದಿರುತ್ತದೆ

ಶಾಲಾ ವಾರ್ಷಿಕೋತ್ಸವಗಳಲ್ಲಿ ‘ದಾಂಡಿಯಾ’ ಎಂಬ ಪದದ ಬಳಕೆ ತೀರ ಸಡಿಲಗೊಂಡಿದೆ. ಬಣ್ಣದ ಘಾಗ್ರಾ ತೊಟ್ಟ ಮಕ್ಕಳು ವೃತ್ತದಲ್ಲಿ ನಿಂತರೆ ಸಾಕು, ನಿರೂಪಕರು ಹಾಗೆಂದೇ ಘೋಷಿಸುತ್ತಾರೆ. ಮುಂದೆ ಅದೇ ನೃತ್ಯದ ಹಾಡನ್ನು ಅರಸುವವರನ್ನು ಈ ತಪ್ಪು ಹೆಸರು ಅಲೆದಾಡಿಸುತ್ತದೆ.

ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯ ಶಿಕ್ಷಕಿಯೊಬ್ಬರಿಗೆ ಆದದ್ದೂ ಇದೇ. ಹಿಂದಿನ ಸ್ನೇಹ ಸಮ್ಮೇಳನದ ನೃತ್ಯವೊಂದನ್ನು ಮತ್ತೆ ಆಡಿಸಬೇಕಿತ್ತು; ಧ್ವನಿಮುದ್ರಿಕೆ ಕಳೆದಿತ್ತು, ಹಾಡಿನ ಸಾಲು ಯಾರಿಗೂ ನೆನಪಿರಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ‘ದಾಂಡಿಯಾ’ ಎಂದಷ್ಟೇ ಇತ್ತು. ನಾನು ಕೇಳಿದ ಮೊದಲ ಪ್ರಶ್ನೆ: ಕೈಯಲ್ಲಿ ಕೋಲಿತ್ತೇ? ಇರಲಿಲ್ಲ. ಅಲ್ಲಿಗೆ ದಾಂಡಿಯಾ ರಾಸ್ ಮಾತ್ರವಲ್ಲ, ನಮ್ಮ ಕೋಲಾಟವೂ ಪಟ್ಟಿಯಿಂದ ಬಿಟ್ಟುಹೋಯಿತು. (ಕೋಲಿದ್ದರೂ ಗಿಲಕಿಯಂತೆ ಲೋಹದ ಸದ್ದು ಬರುತ್ತಿದ್ದರೆ ಅದು ಲೇಜಿಮ್, ಬೆಳಗಾವಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ.)

ಆ ನೃತ್ಯದಲ್ಲಿ ಕುಣಿದಿದ್ದ ಬಾಲಕಿಯನ್ನು ಕರೆಸಿ, ಹಾಡಿಲ್ಲದೆ ಹೆಜ್ಜೆ ಹಾಕಲು ಹೇಳಿದೆವು. ಹಾಡು ಮರೆತರೂ ಮೈಗೆ ಹೆಜ್ಜೆ ನೆನಪಿರುತ್ತದೆ. ಬಾಗಿ ಮೂರು ಚಪ್ಪಾಳೆ, ನಾಲ್ಕನೆಯ ಎಣಿಕೆಗೆ ಬರಿಗೈ ಬೀಸಿ ಮುಂದಕ್ಕೆ ಸರಿಯುವುದು; ಇಂತಹ ಎರಡು ಸೇರಿದರೆ ಎಂಟು. ಇದು ಗುಜರಾತಿನ ‘ತ್ರಣ್ ತಾಳಿ’, ಅಂದರೆ ಮೂರು ಚಪ್ಪಾಳೆಯ ಗರ್ಬಾ. ಎಂಟು ಮಾತ್ರೆಯ ಕಹರವಾ ನಡೆಗೆ ಇದು ಹೊಂದುತ್ತದೆ. ಗರ್ಬಾಕ್ಕೆ ಇನ್ನೊಂದು ನಡೆಯಿದೆ: ‘ಹೀಂಚ್’ ಎಂಬ ಆರು ಮಾತ್ರೆಯ ತೂಗು. ಆರರ ಹಾಡಿಗೆ ನಾಲ್ಕರ ಹೆಜ್ಜೆ ಹಾಕಿಸಿದರೆ ಮೊದಲ ಸುತ್ತು ಹೇಗೋ ಸಾಗುತ್ತದೆ; ಎರಡನೆಯ ಸುತ್ತಿನಲ್ಲಿ ಚಪ್ಪಾಳೆ ಢೋಲಿನ ಪೆಟ್ಟಿನಿಂದ ಜಾರುತ್ತದೆ. ಪರೀಕ್ಷೆಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ.

ಆದರೆ ತಾಳವು ಹಾಡಿನ ಜಾತಿಯನ್ನು ಹೇಳೀತೇ ಹೊರತು ಹೆಸರನ್ನಲ್ಲ. ಒಂದೇ ಎಣಿಕೆಗೆ ನೂರಾರು ಹಾಡುಗಳಿವೆ. ವೇಗವನ್ನೂ ನಂಬುವಂತಿಲ್ಲ, ಡಿಜೆಗಳು ಅದನ್ನು ಏರಿಸುವುದು ರೂಢಿ. ನಂಬಬಹುದಾದದ್ದು ತಿರುವುಗಳ ಸ್ಥಾನ: ಎಷ್ಟು ಎಂಟರ ಸುತ್ತಿನ ನಂತರ ಮಕ್ಕಳು ಹಿಮ್ಮುಖರಾದರು, ಎಲ್ಲಿ ವಾದ್ಯ ನಿಂತು ಅವರೂ ನಿಂತರು. ಇದನ್ನು ಬರೆದಿಟ್ಟುಕೊಂಡು ಎಂಟರ ನಡೆಯ ಹಾಡುಗಳನ್ನು ಒಂದೊಂದಾಗಿ ಹಾಕಿದೆವು. 2018ರ ‘ಲವ್‌ಯಾತ್ರಿ’ ಚಿತ್ರದ ‘ಛೋಗಾಡಾ’ ಬಂದಾಗ ಬಾಲಕಿಯ ನಿಲುಗಡೆಗಳೆಲ್ಲ ಹಾಡಿನ ನಿಲುಗಡೆಗಳ ಮೇಲೆ ಬಿದ್ದವು. ಇಲ್ಲಿ ಚಿತ್ರದ ಹೆಸರು, ವರ್ಷ ಎರಡೂ ಅಗತ್ಯ, ಏಕೆಂದರೆ ಜನಪ್ರಿಯ ಗರ್ಬಾ ಹಾಡುಗಳಿಗೆ ಮರುಮಿಶ್ರಣಗಳು ಹಲವು. ಪ್ರತಿಯೊಂದರಲ್ಲೂ ತಿರುವುಗಳು ಬೇರೆ ಬೇರೆ ಕಡೆ ಬರುತ್ತವೆ.

ಗುಜರಾತಿನ ಗರ್ಬಾ 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ದಾಂಡಿಯಾ ಎನ್ನುವುದು ಆ ನಾಡಿಗೆ ಅನ್ಯಾಯ. ನಮ್ಮ ಕೋಲಾಟವನ್ನೂ ದಾಂಡಿಯಾ ಎಂದೇ ಕೂಗುವುದು ಅದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತದೆ. ಅದರ ಹೆಸರನ್ನು ಉಳಿಸಲು ಬೇರಾವ ನಾಡೂ ಬರುವುದಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ನೃತ್ಯದ ಬಗೆ, ಎಣಿಕೆ, ಹಾಡು, ವರ್ಷ ಇಷ್ಟನ್ನು ಬರೆಯಲು ಒಂದು ಸಾಲು ಸಾಕು. ಆ ಶಿಕ್ಷಕಿ ಈಗ ಹಾಗೆಯೇ ಬರೆಯುತ್ತಿದ್ದಾರೆ.