ದಾರಿ ಹುಡುಕುವ ಮೊದಲು ಸೇತುವೆ ಎಣಿಸಿ

ಪೆನ್ನು ಎತ್ತಬಾರದು, ಒಮ್ಮೆ ಎಳೆದ ಗೆರೆಯ ಮೇಲೆ ಮತ್ತೆ ಎಳೆಯಬಾರದು, ಚಿತ್ರ ಪೂರ್ತಿಯಾಗಬೇಕು. ಈ ಒಗಟು ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಇರುತ್ತದೆ, ಆಪ್ಟಿಟ್ಯೂಡ್ ಪುಸ್ತಕದಲ್ಲೂ ಇರುತ್ತದೆ. ಅದು ಕಂಡ ಕೂಡಲೇ ನಾವು ಮಾಡುವ ಕೆಲಸ ಒಂದೇ: ಎಳೆಯುವುದು, ಸಿಕ್ಕಿಹಾಕಿಕೊಳ್ಳುವುದು, ಮತ್ತೆ ಎಳೆಯುವುದು. ಆದರೆ ಹತ್ತು ಸಲ ಸೋತರೆ ಸಾಬೀತಾಗುವುದು ದಾರಿ ನಮಗೆ ಸಿಗಲಿಲ್ಲ ಎಂಬುದಷ್ಟೇ. ದಾರಿ ಇಲ್ಲ ಎಂಬುದಲ್ಲ. ‘ಸಿಗಲಿಲ್ಲ’ ಮತ್ತು ‘ಇಲ್ಲ’ ಇವೆರಡರ ವ್ಯತ್ಯಾಸವನ್ನು ಅತ್ಯಂತ ಸರಳವಾಗಿ ತೋರಿಸಿದ ಲೆಕ್ಕವೊಂದಿದೆ. ಅದನ್ನು ನಮ್ಮ ತರಗತಿಗಳಲ್ಲಿ ಬರೀ ಸೂತ್ರವಾಗಿ ಬಾಯಿಪಾಠ ಮಾಡಿಸುತ್ತಿರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹುಟ್ಟಿದ್ದು ಪ್ರಷ್ಯಾದ ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಪ್ರೆಗೆಲ್ ನದಿ ಆ ಊರನ್ನು ನಾಲ್ಕು ಭಾಗ ಮಾಡಿತ್ತು: ಉತ್ತರದ ದಡ, ದಕ್ಷಿಣದ ದಡ, ನಡುವೆ ಕ್ನೈಪ್‌ಹೋಫ್ ಎಂಬ ದ್ವೀಪ, ಅದರ ಪೂರ್ವಕ್ಕೆ ಇನ್ನೊಂದು ಭೂಭಾಗ. ದ್ವೀಪದಿಂದ ಎರಡೂ ದಡಗಳಿಗೆ ಎರಡೆರಡು ಸೇತುವೆ, ಪೂರ್ವದ ಭಾಗಕ್ಕೆ ಒಂದು. ಪೂರ್ವದ ಭಾಗದಿಂದ ಎರಡೂ ದಡಗಳಿಗೆ ಒಂದೊಂದು. ಒಟ್ಟು ಏಳು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಿ ಬರಬಹುದೇ ಎಂಬುದು ಅಲ್ಲಿನವರ ಪ್ರಶ್ನೆ.

ಏಳು ಸೇತುವೆಗಳನ್ನು ಸಾಲಾಗಿ ಜೋಡಿಸುವ ಕ್ರಮಗಳು 5040. ತಾಳ್ಮೆ ಇದ್ದವರು ಎಲ್ಲವನ್ನೂ ಪರೀಕ್ಷಿಸಿ ನೋಡಬಹುದು. ಸೇತುವೆಗಳು 20 ಆದರೆ ಆ ಸಂಖ್ಯೆಗೆ 19 ಅಂಕೆಗಳು. ಆಗ ತಾಳ್ಮೆಯಿಂದ ಪ್ರಯೋಜನವಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿಯಲ್ಲಿದ್ದ ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಈ ಪ್ರಶ್ನೆಗೆ ಉತ್ತರ ಮಂಡಿಸಿದಾಗ ದಾರಿಗಳನ್ನು ಪಟ್ಟಿ ಮಾಡಲು ಹೋಗಲಿಲ್ಲ. ಒಂದೊಂದು ಭೂಭಾಗಕ್ಕೆ ಎಷ್ಟು ಸೇತುವೆಗಳು ಬಂದು ಸೇರುತ್ತವೆ ಎಂದು ನೋಡಿದರು.

ತರ್ಕ ಇಷ್ಟೇ. ನಡಿಗೆಯ ಮಧ್ಯದಲ್ಲಿ ನೀವು ಒಂದು ಜಾಗಕ್ಕೆ ಬಂದರೆ ಅಲ್ಲಿಂದ ಹೊರಡಲೂ ಬೇಕು. ಬರಲು ಒಂದು ಸೇತುವೆ, ಹೋಗಲು ಇನ್ನೊಂದು. ಎಷ್ಟು ಸಲ ಬಂದುಹೋದರೂ ಸೇತುವೆಗಳು ಜೋಡಿಜೋಡಿಯಾಗಿಯೇ ಖರ್ಚಾಗುತ್ತವೆ. ಆದ್ದರಿಂದ ಒಂದು ಜಾಗಕ್ಕೆ ಬೆಸ ಸಂಖ್ಯೆಯ ಸೇತುವೆಗಳಿದ್ದರೆ ಒಂದಕ್ಕೆ ಜೋಡಿ ಸಿಗುವುದಿಲ್ಲ. ಹಾಗೆ ಒಂಟಿಯಾಗಿ ಉಳಿಯಲು ಎರಡೇ ಕಡೆ ಅವಕಾಶ: ಹೊರಟ ಜಾಗ ಮತ್ತು ಮುಗಿಸಿದ ಜಾಗ. ಅಂದಮೇಲೆ ಬೆಸ ಜಾಗಗಳು ಎರಡಕ್ಕಿಂತ ಹೆಚ್ಚಿದ್ದರೆ ನಡಿಗೆ ಸಾಧ್ಯವೇ ಇಲ್ಲ. ಕೋನಿಗ್ಸ್‌ಬರ್ಗ್‌ನಲ್ಲಿ ದ್ವೀಪಕ್ಕೆ ಐದು ಸೇತುವೆ, ಉಳಿದ ಮೂರು ಭಾಗಗಳಿಗೆ ಮೂರು ಮೂರು. ನಾಲ್ಕೂ ಬೆಸ. ಉತ್ತರ: ಇಲ್ಲ. ಒಂದು ಹೆಜ್ಜೆಯನ್ನೂ ಇಡದೆ ಬಂದ ಉತ್ತರ ಇದು.

ಎಣಿಕೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯೂ ಇದೆ. ಪ್ರತಿ ಸೇತುವೆಗೂ ಎರಡು ತುದಿ. ಹಾಗಾಗಿ ಎಲ್ಲ ಜಾಗಗಳ ಎಣಿಕೆ ಕೂಡಿದರೆ ಸೇತುವೆಗಳ ಎರಡರಷ್ಟು ಬರಬೇಕು. ಇಲ್ಲಿ 5+3+3+3 ಎಂದರೆ 14, ಸರಿಯಾಗಿದೆ. ಮೊತ್ತ ಯಾವಾಗಲೂ ಸಮಸಂಖ್ಯೆ ಆಗುವುದರಿಂದ ಬೆಸ ಜಾಗಗಳೂ ಸಮಸಂಖ್ಯೆಯಲ್ಲೇ ಇರುತ್ತವೆ. ನಿಮ್ಮ ಎಣಿಕೆಯಲ್ಲಿ ಒಂದೋ ಮೂರೋ ಬೆಸ ಜಾಗ ಬಂದರೆ ಚಿತ್ರವನ್ನು ದೂರಬೇಡಿ, ಮತ್ತೊಮ್ಮೆ ಎಣಿಸಿ.

ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅರ್ಧ ಮಾತು ಬಾಕಿ ಇದೆ. ಬೆಸ ಜಾಗಗಳು ಎರಡೇ ಇದ್ದರೆ, ಅಥವಾ ಒಂದೂ ಇಲ್ಲದಿದ್ದರೆ, ದಾರಿ ಖಂಡಿತ ಇದೆಯೇ? ಇದೆ ಎಂದು ಆಯ್ಲರ್ ಹೇಳಿದ್ದರು. ಅದರ ಪೂರ್ಣ ಸಾಧನೆ ಪ್ರಕಟವಾದದ್ದು 1873ರಲ್ಲಿ, ಕಾರ್ಲ್ ಹೀರ್‌ಹೋಲ್ಜರ್ ಎಂಬ ಜರ್ಮನ್ ಗಣಿತಜ್ಞ ತೀರಿಕೊಂಡ ನಂತರ, ಅವರ ಹೆಸರಿನಲ್ಲಿ. ಆ ಸಾಧನೆಯೇ ದಾರಿ ಹುಡುಕುವ ವಿಧಾನವೂ ಹೌದು.

ಮನೆಯ ಚಿತ್ರವೊಂದನ್ನು ತೆಗೆದುಕೊಳ್ಳಿ. ಒಂದು ಚೌಕ, ಒಳಗೆ ಎರಡು ಕರ್ಣ, ಮೇಲೆ ತ್ರಿಕೋನದ ಮಾಡು. ಕೆಳಗಿನ ಎಡಮೂಲೆ ಕ, ಬಲಮೂಲೆ ಖ, ಮೇಲಿನ ಬಲಮೂಲೆ ಗ, ಎಡಮೂಲೆ ಘ, ಮಾಡಿನ ತುದಿ ಚ. ಕ ಮತ್ತು ಖ ಮೂಲೆಗಳಲ್ಲಿ ಮೂರು ಮೂರು ಗೆರೆ, ಗ ಮತ್ತು ಘದಲ್ಲಿ ನಾಲ್ಕು ನಾಲ್ಕು, ಚದಲ್ಲಿ ಎರಡು. ಕರ್ಣಗಳು ಕತ್ತರಿಸುವ ನಡುಬಿಂದುವಿನಲ್ಲಿ ನಾಲ್ಕು, ಅದೂ ಸಮ. ಬೆಸ ಎರಡೇ. ಹಾಗಾಗಿ ಕದಿಂದ ಹೊರಟರೆ ಖದಲ್ಲೇ ಮುಗಿಯಬೇಕು.

ಹೆಚ್ಚು ಯೋಚಿಸದೆ ಹೊರಡೋಣ: ಕ, ಖ, ಗ, ಕ, ಘ, ಖ. ಇಲ್ಲಿ ನಿಂತುಹೋಯಿತು, ಖದಲ್ಲಿ ಗೆರೆ ಉಳಿದಿಲ್ಲ. ಆದರೆ ಚಿತ್ರದಲ್ಲಿ ಗ, ಘ, ಚ ಎಂಬ ಮಾಡಿನ ತ್ರಿಕೋನ ಉಳಿದಿದೆ. ಇಲ್ಲಿ ಪೂರ್ತಿ ಅಳಿಸುವ ಅಗತ್ಯವಿಲ್ಲ. ಉಳಿದ ಗೆರೆಗಳಲ್ಲಿ ಪ್ರತಿ ಜಾಗವೂ ಸಮವೇ ಆಗಿರುವುದರಿಂದ ಅಲ್ಲಿ ಎಲ್ಲಿಂದ ಹೊರಟರೂ ಸುತ್ತು ಹಾಕಿ ಅಲ್ಲಿಗೇ ಮರಳುತ್ತೇವೆ. ನಮ್ಮ ದಾರಿ ಗಕ್ಕೆ ಬಂದಾಗ ಆ ಸುತ್ತನ್ನು ನಡುವೆ ಸೇರಿಸಿದರೆ ಆಯಿತು: ಕ, ಖ, ಗ, ಘ, ಚ, ಗ, ಕ, ಘ, ಖ. ಎಂಟು ಗೆರೆಗಳೂ ಮುಗಿದವು. ಎಷ್ಟೇ ದೊಡ್ಡ ಚಿತ್ರಕ್ಕೂ ಇದೇ ಕ್ರಮ. ಮಾಡು ತೆಗೆದುಬಿಟ್ಟರೆ ಮಾತ್ರ ಚೌಕದ ನಾಲ್ಕೂ ಮೂಲೆ ಬೆಸವಾಗಿ, ಸರಳವಾಗಿ ಕಾಣುವ ಚಿತ್ರವೇ ಅಸಾಧ್ಯವಾಗುತ್ತದೆ.

ಕಾರಣ ತಿಳಿಯದೆ ಸೂತ್ರ ಹಿಡಿದವರು ಎಡವುವುದು ಎರಡು ಕಡೆ. ಮೊದಲನೆಯದು, ಚಿತ್ರ ಒಂದೇ ತುಂಡಾಗಿರಬೇಕು. ಒಂದಕ್ಕೊಂದು ತಾಗದ ಎರಡು ತ್ರಿಕೋನಗಳಲ್ಲಿ ಬೆಸ ಮೂಲೆ ಒಂದೂ ಇಲ್ಲ, ಆದರೂ ಪೆನ್ನು ಎತ್ತದೆ ಬರೆಯಲಾಗದು. ಎರಡನೆಯದು, ಈ ಎಣಿಕೆ ಪ್ರತಿ ರಸ್ತೆಯನ್ನೂ ಒಮ್ಮೆ ಹಾಯುವ ಪ್ರಶ್ನೆಗೆ ಮಾತ್ರ. ಪ್ರತಿ ಊರನ್ನೂ ಒಮ್ಮೆ ಮುಟ್ಟಿ ಬರುವ ಪ್ರಶ್ನೆ ಕೇಳಲು ಇದರಂತೆಯೇ ಇದ್ದರೂ ಅದಕ್ಕೆ ಇಂಥ ಸುಲಭ ಎಣಿಕೆ ಈವರೆಗೆ ಸಿಕ್ಕಿಲ್ಲ. ಮನೆಮನೆಯ ಕಸ ಎತ್ತುವ ಗಾಡಿಯದು ಮೊದಲ ಬಗೆಯ ಪ್ರಶ್ನೆ, ಊರೂರಿಗೆ ಸರಕು ಇಳಿಸುವ ಲಾರಿಯದು ಎರಡನೆಯದು.

ನಮ್ಮ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಪರೀಕ್ಷೆಯಲ್ಲಿ ‘ಪ್ರಮೇಯವನ್ನು ನಿರೂಪಿಸಿ’ ಎಂದು ಕೇಳಿದರೆ ಇದೊಂದೂ ಹೊರಬರುವುದಿಲ್ಲ. ಅದರ ಬದಲು ಹೀಗೆ ಕೇಳಲಿ: ಕೋನಿಗ್ಸ್‌ಬರ್ಗ್‌ನಲ್ಲಿ ನಡಿಗೆ ಸಾಧ್ಯವಾಗಲು ಯಾವ ಸೇತುವೆ ಮುರಿಯಬೇಕು? ಉತ್ತರ, ಯಾವುದಾದರೂ ಒಂದು. ಪ್ರತಿ ಸೇತುವೆಯ ಎರಡು ತುದಿಯಲ್ಲೂ ಬೆಸ ಜಾಗವೇ ಇರುವುದರಿಂದ ಅದು ಹೋದರೆ ಎರಡೂ ಸಮವಾಗುತ್ತವೆ, ಇನ್ನೆರಡು ಬೆಸ ಉಳಿಯುತ್ತವೆ. ಇದನ್ನು ಬಾಯಿಪಾಠದಿಂದ ಹೇಳಲಾಗದು, ಜೋಡಿಯ ತರ್ಕ ಗೊತ್ತಿದ್ದವರು ಅರ್ಧ ನಿಮಿಷದಲ್ಲಿ ಹೇಳಬಲ್ಲರು.

ಈ ಪ್ರಶ್ನೆ ಬರೀ ಕಲ್ಪನೆಯೂ ಅಲ್ಲ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ದ್ವೀಪದಿಂದ ಎರಡು ದಡಗಳಿಗಿದ್ದ ಒಂದೊಂದು ಸೇತುವೆ ನಾಶವಾದವು. ಊರು ಈಗ ರಷ್ಯಾದ ಕಲಿನಿನ್‌ಗ್ರಾಡ್. ಹಳೆಯ ಏಳರ ಜಾಗದಲ್ಲಿ ಉಳಿದ ಐದು ದಾಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ದಡಗಳಿಗೆ ಎರಡೆರಡು, ದ್ವೀಪಕ್ಕೂ ಪೂರ್ವದ ಭಾಗಕ್ಕೂ ಮೂರು ಮೂರು. ಅಂದರೆ ಆಯ್ಲರ್ ಇಲ್ಲವೆಂದ ನಡಿಗೆ ಈಗ ಇದೆ: ದ್ವೀಪದಲ್ಲಿ ಹೊರಟು ಪೂರ್ವದಲ್ಲಿ ಮುಗಿಸಬೇಕು, ಇಲ್ಲವೇ ಪೂರ್ವದಲ್ಲಿ ಹೊರಟು ದ್ವೀಪದಲ್ಲಿ. ಹೊರಟಲ್ಲಿಗೇ ಮರಳಲು ಮಾತ್ರ ಇಂದಿಗೂ ಆಗದು.